ನಿಮ್ಮ ಪಟ್ಟಿಯಲ್ಲಿ ಇದೆಯಾ?

ನಮ್ಮ ಆಫೀಸಿನಲ್ಲಿ ಒಂದು ಕಟ್ಟಳೆ ಇದೆ. ಒಂದು ಕಂಪನಿ, ಅದರ ಕೈಯಲ್ಲಿರುವ ಇನ್ನೊಂದು ಕಂಪನಿ, ಎರಡೂ ಷೇರುಪೇಟೆಯಲ್ಲಿ ಬೇರೆ ಬೇರೆ ಲಿಸ್ಟ್ ಆಗಿದ್ದರೆ, ಆ ಎರಡನ್ನೂ ಒಬ್ಬರೇ ಓದಬಾರದು. ಮೇಲಿನದು ನಮ್ಮ ಬಾಯಲ್ಲಿ ತಾಯಿ, ಕೆಳಗಿನದು ಮಗಳು. ತಾಯಿಯ ಒಡೆತನ ಯಾರದು, ತಾಯಿ ಯಾರ ಯಾರ ಮೂಲಕ ಏನೇನು ಹಿಡಿದಿದೆ ಎಂದು ಒಬ್ಬರು ಮೇಲಿನಿಂದ ಕೆಳಗೆ ಓದುತ್ತಾರೆ. ಮಗಳ ಷೇರು ಯಾರ ಹತ್ತಿರ ಇದೆ, ಆ ಯಾರ ಹಿಂದೆ ಇನ್ಯಾರಿದ್ದಾರೆ ಎಂದು ಇನ್ನೊಬ್ಬರು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಇಬ್ಬರೂ ಒಂದೇ ತಾರೀಕಿನ ಪಟ್ಟಿ ಹಿಡಿದಿರಬೇಕು. ಗುರುವಾರ ನಾಲ್ಕು ಗಂಟೆಯವರೆಗೆ ಒಬ್ಬರ ಹಾಳೆ ಇನ್ನೊಬ್ಬರು ನೋಡುವ ಹಾಗಿಲ್ಲ. ನಾಲ್ಕಕ್ಕೆ ಎದುರು ಬದುರು ಕೂತು ಒಬ್ಬರು ಹೆಸರು ಓದಬೇಕು, ಇನ್ನೊಬ್ಬರು ತಮ್ಮ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಹೇಳಬೇಕು. ಅಷ್ಟೇ.

ಕೇಳಿದರೆ ಮಕ್ಕಳಾಟ ಅನ್ನಿಸುತ್ತದೆ. ಆದರೆ ಹತ್ತೊಂಬತ್ತು ವರ್ಷ ಈ ಆಟ ಆಡಿಯೇ ನಾನು ಅನ್ನ ತಿಂದಿದ್ದೇನೆ. ನನ್ನ ಎದುರಿನ ಮೇಜಿನವನು ಭೂತಗನ್ನಡಿ. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಅವನು ಸದಾ ತಾಯಿಯ ಕಡೆ, ನಾನು ಸದಾ ಮಗಳ ಕಡೆ. ಒಮ್ಮೆ ನನ್ನ ಪಟ್ಟಿಯ ಬಾಲದಲ್ಲಿದ್ದ ಒಂದು ಪುಡಿ ಕಂಪನಿಯ ಹೆಸರು ಓದಿದೆ. ಅವನು ಕನ್ನಡಕ ತೆಗೆದು, "ಇದು ತಾಯಿಯ ಚೇರ್ಮನ್ನರ ಅಳಿಯಂದು" ಎಂದ. ಎರಡು ಕೋಣೆ, ಒಂದು ಹಳೆಯ ಏಸಿ, ಏಳು ಜನ ಇರುವ ಈ ಆಫೀಸಿನ ಹೆಸರಿಗೆ ದೊಡ್ಡ ದೊಡ್ಡ ಫಂಡಿನವರು ಬೆಲೆ ಕೊಡುವುದು ಇಂಥದ್ದಕ್ಕೇ. ಷೇರುದಾರರ ಮತದಾನ ಬಂದಾಗ ಯಾವ ಕಡೆ ಮತ ಹಾಕಬೇಕೆಂದು ನಾವು ಸಲಹೆ ಬರೆದುಕೊಡುತ್ತೇವೆ. ಬರೆದದ್ದು ಷೇರುಪೇಟೆಯವರೂ ಓದುತ್ತಾರೆ.

ಹೋದ ವರ್ಷ ನಮ್ಮ ಮೇಜಿಗೆ ಪಂಪ್ ಕಂಪನಿ ಬಂತು. ಅದು ಮಗಳು. ತಾಯಿ ಕಂಪನಿಯ ಹತ್ತಿರ ಅದರ ನೂರಕ್ಕೆ ಐವತ್ತೆಂಟು ಷೇರು. ಆ ತಾಯಿಯಲ್ಲಿ ಅದನ್ನು ನಡೆಸುವ ಮನೆತನದ ಪಾಲು ನೂರಕ್ಕೆ ಮೂವತ್ತಾರು. ಎರಡನ್ನೂ ಗುಣಿಸಿದರೆ ಆ ಮನೆತನಕ್ಕೆ ಪಂಪ್ ಕಂಪನಿಯ ಲಾಭದಲ್ಲಿ ನಿಜವಾಗಿ ಸೇರುವುದು ನೂರಕ್ಕೆ ಸುಮಾರು ಇಪ್ಪತ್ತೊಂದು. ಹಿಡಿತ ಮಾತ್ರ ಪೂರಾ ಅವರದೇ. ಇದರಲ್ಲಿ ಮೋಸವೇನೂ ಇಲ್ಲ, ಎಲ್ಲ ಕಡೆ ಇರುವುದೇ. ಆದರೆ ಐದನೇ ಒಂದು ಭಾಗದ ದುಡ್ಡು ಕೊಟ್ಟು ಇಡೀ ಮನೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವರಿಗೆ ಉಳಿದದ್ದೂ ಬೇಕು ಅನ್ನಿಸತೊಡಗಿದಾಗ ನಮ್ಮಂಥವರಿಗೆ ಕೆಲಸ ಬರುತ್ತದೆ.

ತಾಯಿ ಮಗಳನ್ನು ತನ್ನಲ್ಲಿ ವಿಲೀನ ಮಾಡಿಕೊಳ್ಳುತ್ತೇನೆಂದಿತು. ಪಂಪ್ ಕಂಪನಿಯ ಐದು ಷೇರು ಕೊಟ್ಟವರಿಗೆ ತಾಯಿಯದೊಂದು ಷೇರು. ಈ ಲೆಕ್ಕ ಮಗಳ ಷೇರುದಾರರಿಗೆ ತೀರಾ ಕಡಿಮೆ ಎಂದು ಯಾರಿಗಾದರೂ ಕಾಣುತ್ತಿತ್ತು. ಕಾರ್ಖಾನೆ ನಿಂತ ನೆಲ ಊರು ಬೆಳೆದು ಈಗ ಚಿನ್ನದ ತುಂಡಾಗಿತ್ತು. ವಿಲೀನವಾದರೆ ಪಂಪು ನಿಂತು ನೆಲ ಮಾರಾಟಕ್ಕೆ ಹೋಗುತ್ತದೆಂದು ಗೇಟಿನ ಕಾವಲುಗಾರನಿಗೂ ಗೊತ್ತಿತ್ತು. ಆದರೆ ನಿಯಮದ ಒಂದು ಅಡ್ಡಿ ಇತ್ತು. ಇಂಥ ಮತದಾನದಲ್ಲಿ ತಾಯಿಯೂ ತಾಯಿಯ ಕಡೆಯವರೂ ಹಾಕಿದ ಮತ ಲೆಕ್ಕಕ್ಕಿಲ್ಲ. ಉಳಿದ ನಲವತ್ತೆರಡರಲ್ಲಿ ಮತ ಹಾಕಿದವರ ಪೈಕಿ ಹೆಚ್ಚಿನವರು ಹೂಂ ಅಂದರೆ ಮಾತ್ರ ವಿಲೀನ. ಹಾಗಾಗಿ ಎಲ್ಲವೂ ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು. ಆ ನಲವತ್ತೆರಡು ನಿಜವಾಗಿ ಹೊರಗಿನವರದೇ, ಅಥವಾ ಅದರೊಳಗೂ ತಾಯಿಯ ಕೈ ಇದೆಯೇ?

ಇಷ್ಟೇ ಆಗಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ಆ ಪಂಪ್ ಕಂಪನಿಯಲ್ಲಿ ನನ್ನ ಭಾವ ಮೂವತ್ತೆಂಟು ವರ್ಷ ದುಡಿದವರು.

ಭಾವನೆಂದರೆ ಅಕ್ಕನ ಗಂಡ. ಪರೀಕ್ಷಾ ವಿಭಾಗದ ಫೋರ್‌ಮನ್ ಆಗಿ ನಿವೃತ್ತಿಯಾದವರು. ಪಂಪಿನ ಮೈಮೇಲೆ ಅಂಗೈ ಇಟ್ಟು ಒಳಗೆ ಬೇರಿಂಗ್ ಸವೆದಿದೆ ಎನ್ನುತ್ತಿದ್ದರು. ಬಿಚ್ಚಿದರೆ ಸವೆದಿರುತ್ತಿತ್ತು. ನಿವೃತ್ತಿಯಾದ ಮೇಲೆ ಆರು ವರ್ಷ ಸೋಫಾದ ಮೇಲೆ ಕೂತು ತಲೆಯ ಮೇಲಿನ ಫ್ಯಾನ್ ನೋಡಿದರು. ವಿಲೀನದ ಸುದ್ದಿ ಬಂದ ದಿನ ಎದ್ದವರು ಮತ್ತೆ ಕೂರಲಿಲ್ಲ. ಕೆಲಸಗಾರರಿಗೆ ಹಿಂದೆಂದೋ ಕಂಪನಿ ಹಂಚಿದ ಷೇರುಗಳಿದ್ದವು. ಒಬ್ಬೊಬ್ಬರ ಹತ್ತಿರ ಇನ್ನೂರು, ಮುನ್ನೂರು. ಮೊಣಕಾಲು ನೋವಿನ ಭಾವ ಮೆಟ್ಟಿಲು ಹತ್ತಿ ಇಳಿದು, ಮನೆಮನೆಗೂ ಹೋಗಿ, ಬೇಡ ಎಂದು ಮತ ಹಾಕಿ ಎಂದು ನಾಲ್ಕು ತಿಂಗಳಲ್ಲಿ ಸಾವಿರದ ಒಂಬೈನೂರು ಜನರ ಸಹಿ ಪಡೆದರು. ಒಂದೆರಡು ಸಣ್ಣ ಫಂಡಿನವರ ಬಾಗಿಲನ್ನೂ ತಟ್ಟಿದರು. ಕೆಲಸಗಾರರು ಅವರನ್ನು ಈಗ ಫೋರ್‌ಮನ್ ಸಾಹೇಬರು ಎನ್ನುತ್ತಿರಲಿಲ್ಲ, ನಮ್ಮ ಫೋರ್‌ಮನ್ ಎನ್ನುತ್ತಿದ್ದರು.

ಈ ಸಂಬಂಧವನ್ನು ನಾನು ಆಫೀಸಿನಲ್ಲಿ ಬಚ್ಚಿಟ್ಟಿರಲಿಲ್ಲ. ನಮ್ಮ ಯಜಮಾನರಿಗೆ ಬರೆದೇ ಕೊಟ್ಟಿದ್ದೆ. ನನ್ನ ಭಾವನ ಹತ್ತಿರ ಇದರ ನಾನೂರು ಷೇರಿದೆ, ಅವರು ವಿಲೀನದ ವಿರುದ್ಧ ಓಡಾಡುತ್ತಿದ್ದಾರೆ ಎಂದು. ಯಜಮಾನರು ನಕ್ಕರು. "ನಾನೂರು ಷೇರಿಗೆ ನೀನು ಕೆಡೋಳಲ್ಲ. ಮಗಳ ಕಡೆ ಓದೋಕೆ ನಿನ್ನ ಬಿಟ್ರೆ ಯಾರಿದಾರೆ? ಸಲಹೆ ನಾನು ಬರೀತೀನಿ, ನೀನು ಬರೀ ಪಟ್ಟಿ ಓದು." ಆ ಹೊಗಳಿಕೆಗೆ ನಾನೂ ಉಬ್ಬಿದೆ. ಅಂದೇ ಬೇಡ ಎಂದು ಫೈಲು ದೂಡಬೇಕಿತ್ತು.

ನನ್ನ ಪಟ್ಟಿಯಲ್ಲಿ ಸಾರ್ವಜನಿಕರು ಎಂಬ ತಲೆಬರಹದ ಕೆಳಗೆ ಮೂರನೆಯ ಹೆಸರು, ಪಂಪ್ ಕಾರ್ಮಿಕರ ಕ್ಷೇಮ ಟ್ರಸ್ಟ್. ಮೂವತ್ತೈದು ಲಕ್ಷ ಷೇರು, ನೂರಕ್ಕೆ ಏಳು. ಹೆಸರು ಕೇಳಿದರೆ ಕೆಲಸಗಾರರದೇ ಗಂಟು ಅನ್ನಿಸುತ್ತದೆ. ಹೆಸರು ನಂಬಿ ಬಿಡುವುದಾದರೆ ನನ್ನ ಅಗತ್ಯವಾದರೂ ಏನು? ಮಂಗಳವಾರ ಟ್ರಸ್ಟುಗಳ ನೋಂದಣಿ ಕಚೇರಿಗೆ ಹೋದೆ. ಕಿಟಕಿಯ ಹಿಂದಿನ ಹೆಂಗಸು ಫೈಲಿನ ಮೇಲಿನ ಧೂಳನ್ನು ನನ್ನ ಕಡೆಗೇ ಊದಿ, ಪ್ರತಿ ಬೇಕಾದರೆ ಸಂಜೆ ಬನ್ನಿ ಎಂದಳು. ಸಂಜೆ ಹೋಗಿ, ಅಲ್ಲೇ ಕಾರಿಡಾರಿನ ಬೆಂಚಿನ ಮೇಲೆ ಕೂತು ನಲವತ್ತು ಪುಟ ಓದಿದೆ.

ಆರು ವರ್ಷದ ಹಿಂದೆ ಟ್ರಸ್ಟಿನ ಪತ್ರ ತಿದ್ದುಪಡಿಯಾಗಿತ್ತು. ಹೆಸರು ಬದಲಾಗಿ ಸಮೂಹ ನೌಕರರ ಹಿತ ಟ್ರಸ್ಟ್ ಎಂದಾಗಿತ್ತು. ಪಂಪ್ ಕಂಪನಿಯ ಷೇರು ಪುಸ್ತಕದಲ್ಲಿ ಮಾತ್ರ ಹಳೆಯ ಹೆಸರನ್ನು ಯಾರೂ ತಿದ್ದಿಸಿರಲಿಲ್ಲ. ಮೂವರು ಟ್ರಸ್ಟಿಗಳು, ಯಾವ ತೀರ್ಮಾನಕ್ಕೂ ಇಬ್ಬರ ಒಪ್ಪಿಗೆ ಸಾಕು. ಹನ್ನೊಂದನೆಯ ಕಲಮಿನಲ್ಲಿ, ಟ್ರಸ್ಟಿನ ಷೇರುಗಳ ಮತವನ್ನು ತಾಯಿ ಕಂಪನಿಯ ಆಡಳಿತ ಮಂಡಳಿ ಸೂಚಿಸಿದಂತೆ ಚಲಾಯಿಸತಕ್ಕದ್ದು ಎಂದಿತ್ತು. ಅಂದರೆ ಹೊರಗಿನವರ ಸಾಲಿನಲ್ಲಿ ಕೂತ ಈ ಏಳು, ತಾಯಿಯದೇ ಕೈ. ಇದೊಂದು ಬರೆದರೆ ಮುಗಿಯಿತು. ಟ್ರಸ್ಟಿನ ಮತ ಲೆಕ್ಕಕ್ಕೆ ಬರುವುದಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಬೆಂಚಿನ ಮೇಲೆ ಒಬ್ಬಳೇ ನಕ್ಕೆ. ಆಮೇಲೆ ಕೊನೆಯ ಪುಟ ತಿರುಗಿಸಿದೆ. ಮೊದಲ ಸಹಿ ತಾಯಿಯ ಹಣಕಾಸು ಮ್ಯಾನೇಜರದು, ಎರಡನೆಯದು ತಾಯಿಯ ಕಂಪನಿ ಸೆಕ್ರೆಟರಿಯದು. ಮೂರನೆಯ ಸಹಿ ಭಾವನದು.

ಅವರ ಸಹಿ ನನಗೆ ಚೆನ್ನಾಗಿ ಗೊತ್ತು. ಕೊನೆಯ ಅಕ್ಷರದಿಂದ ಒಂದು ಗೆರೆ ಎಳೆದು ಕೆಳಗೆ ಎರಡು ಚುಕ್ಕೆ ಇಡುತ್ತಾರೆ. ನನ್ನ ಕಾಲೇಜಿನ ಅರ್ಜಿಗೆ ಅಪ್ಪನ ಜಾಗದಲ್ಲಿ ಸಹಿ ಹಾಕಿದವರು ಅವರೇ. ಬೆಂಚಿನ ಮೇಲೆ ಕಾಲು ಗಂಟೆ ಕೂತೆ. ಆಮೇಲೆ ಅಕ್ಕನ ಮನೆಗೆ ಬಸ್ಸು ಹತ್ತಿದೆ. ಫೈಲಿನ ವಿಷಯ ಹೊರಗೆ ಆಡಬಾರದೆಂಬುದು ನಮ್ಮಲ್ಲಿ ಇನ್ನೊಂದು ಕಟ್ಟಳೆ. ಅದನ್ನು ಮುರಿದದ್ದು ಆ ಬಸ್ಸಿನಲ್ಲಿ.

ಊಟದ ಮೇಜಿನ ತುಂಬ ರಬ್ಬರ್ ಬ್ಯಾಂಡ್ ಹಾಕಿದ ಫಾರಂಗಳ ಕಂತೆ. ಭಾವ ಕನ್ನಡಕ ಹಣೆಗೇರಿಸಿ ಎಣಿಸುತ್ತಿದ್ದರು. ನಾನು ಪ್ರತಿಯ ಕೊನೆಯ ಪುಟ ತೆಗೆದು ಕಂತೆಗಳ ಮೇಲೆ ಇಟ್ಟೆ.

"ಇದು ನಿಮ್ಮ ಸಹಿನಾ ಭಾವ?"

ಅವರು ಕನ್ನಡಕ ಇಳಿಸಿ ನೋಡಿದರು. "ನಂದೇ. ಯಾಕೆ? ರಿಟೈರ್ ಆದ ದಿನ ಮಾಡಿದ್ದು. ಗೌರವ ಟ್ರಸ್ಟಿ ಅಂತ. ಕೆಲಸದೋರ ಮಕ್ಕಳ ಫೀಸಿಗೆ ಅಂತ ಹೇಳಿದ್ರಪ್ಪ. ಗಡಿಯಾರ ಕೊಟ್ರು, ಫೋಟೋ ತೆಗೆದ್ರು, ಇಲ್ಲಿ ಸಹಿ ಮಾಡಿ ಅಂದ್ರು."

"ಓದಲಿಲ್ವಾ?"

"ನಲವತ್ತು ಪುಟ! ಅಂಥದ್ದನ್ನ ಯಾರು ಓದ್ತಾರೆ?"

"ನಾನು ಓದ್ತೀನಿ ಭಾವ. ನನ್ನ ಕೆಲಸಾನೇ ಅದು."

ಹನ್ನೊಂದನೆಯ ಕಲಮು ಓದಿ ಹೇಳಿದೆ. ಅವರಿಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. ಅರ್ಥವಾದ ಮೇಲೆ ಅವರ ಕೈ ಮೇಜಿನ ಮೇಲೆ ಹಾಗೇ ಬಿದ್ದುಕೊಂಡಿತು. ಬೇರಿಂಗ್ ಸವೆದದ್ದನ್ನು ಅಂಗೈಯಲ್ಲೇ ಹಿಡಿಯುತ್ತಿದ್ದ ಮನುಷ್ಯ, ತನ್ನದೇ ಸಹಿಯ ಕೆಳಗೆ ಏನಿದೆಯೆಂದು ನೋಡಿರಲಿಲ್ಲ.

"ಹಾಗಾದ್ರೆ ವಾಪಸ್ ತಗೋತೀನಿ. ನಾಳೆನೇ ಬರೆದು ಕೊಡ್ತೀನಿ."

"ಮೂವರಲ್ಲಿ ಇಬ್ಬರು ಅವರ ಕಡೆಯೋರು. ನೀವೊಬ್ಬರು ಬರೆದ್ರೆ ಕಸದ ಬುಟ್ಟಿಗೆ. ನಾವು ವರದೀಲಿ ಹಾಕಬೇಕು. ಹಾಕಿದ್ರೆ ಆ ಏಳು ಆಚೆ ಹೋಗತ್ತೆ. ನೀವು ಗೆದ್ದ ಹಾಗೇ."

"ವರದೀಲಿ ಹೆಸರೂ ಬರತ್ತಾ?"

"ಟ್ರಸ್ಟಿಗಳು ಯಾರು ಅಂತ ಬರೀಲೇಬೇಕು. ಅದಿಲ್ದೆ ತಾಯಿಯ ಕೈ ಅಂತ ಹೇಗೆ ತೋರ್ಸೋದು?"

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಭಾವ ಒಂದು ಕಂತೆ ಎತ್ತಿ ನನ್ನ ಮುಂದೆ ಹಿಡಿದರು.

"ಇದು ನೋಡಮ್ಮ. ಸಾವಿರದ ಒಂಬೈನೂರು ಜನ. ಒಬ್ಬೊಬ್ಬರ ಮನೇಲೂ ನೀರು ಕುಡಿದು, ತಾಯಿ ನಿಮ್ಮನ್ನ ಮಾರ್ತಾಳೆ, ನಾನಿದೀನಿ ಅಂದಿದೀನಿ. ನಾಳೆ ಇದು ಹೊರಗೆ ಬಂದ್ರೆ ಏನಂತಾರೆ? ಮಾರಿದೋನು ನಮ್ಮ ಫೋರ್‌ಮನ್ನೇ ಅಂತಾರೆ. ಓದಿರಲಿಲ್ಲ ಅಂದ್ರೆ ಯಾರು ನಂಬ್ತಾರೆ?"

"ಬರದಿದ್ರೆ ಕಾರ್ಖಾನೆ ಹೋಗತ್ತೆ ಭಾವ."

"ಹೋಗಲ್ಲ!" ಎಂದು ಹಳೆಯ ಡೈರಿ ತೆಗೆದು ಲೆಕ್ಕ ಹಾಕಿದರು. ಅವರ ಲೆಕ್ಕದಲ್ಲಿ ಸಣ್ಣ ಫಂಡಿನವರೂ ಹೊರಗಿನ ಬಿಡಿ ಷೇರುದಾರರೂ ಸೇರಿ ಬೇಡ ಎನ್ನುವವರು ನೂರಕ್ಕೆ ಹದಿನೆಂಟು. ಬೇಕು ಎನ್ನುವವರು ಹತ್ತು, ಟ್ರಸ್ಟು ಸೇರಿದರೆ ಹದಿನೇಳು. "ನೋಡು, ಆ ಏಳು ಸೇರಿದ್ರೂ ನಾವೇ ಮೇಲು. ಒಂದು ಅಂಗುಲ ಸಾಕಮ್ಮ ಗೆಲ್ಲೋಕೆ. ಬರೀಬೇಡ. ಕೇಳ್ಕೋತೀನಿ."

ನನ್ನ ಭಾವ ನನ್ನನ್ನು ಬೇಡಿಕೊಂಡದ್ದು ಅದೇ ಮೊದಲು. ಆ ಹದಿನೆಂಟು ಅವರ ಆಸೆಯ ಲೆಕ್ಕವೆಂದು ನನಗೆ ಗೊತ್ತಿತ್ತು. ಸಹಿ ಹಾಕಿದ ಸಣ್ಣವರಲ್ಲಿ ಅರ್ಧ ಜನ ಆನ್‌ಲೈನ್ ಮತದಾನದ ದಿನ ಪಾಸ್‌ವರ್ಡ್ ಮರೆತು ಕೂರುತ್ತಾರೆ. ಮಗಳಲ್ಲಿ ಸ್ವಲ್ಪ, ತಾಯಿಯಲ್ಲಿ ಬಹಳ ಷೇರಿರುವ ದೊಡ್ಡ ಫಂಡು, ಮಗಳಲ್ಲಿ ಕಳೆದದ್ದು ತಾಯಿಯಲ್ಲಿ ಬರುತ್ತದೆಂದು ಕಣ್ಣು ಮುಚ್ಚಿ ಹೂಂ ಅನ್ನುತ್ತದೆ. ಇದೆಲ್ಲ ನನ್ನ ಕಸುಬು. ಆದರೂ ಬಾಯಿ ಬಿಡಲಿಲ್ಲ.

ಅಕ್ಕ ಮೆಟ್ಟಿಲವರೆಗೆ ಬಂದಳು. ಲಿಫ್ಟ್ ಕೆಟ್ಟಿತ್ತು. ಒಂದು ಮಹಡಿ ನನ್ನ ಜೊತೆ ಇಳಿದು ನನ್ನ ಮೊಣಕೈ ಹಿಡಿದಳು. "ಪುಟ್ಟೀ," ಎಂದಳು. ಐವತ್ತೆರಡಾದರೂ ಅವಳಿಗೆ ನಾನು ಪುಟ್ಟಿಯೇ. "ಅವರು ಈ ನಾಲ್ಕು ತಿಂಗಳಲ್ಲಿ ಮತ್ತೆ ಮನುಷ್ಯ ಆಗಿದಾರೆ ಕಣೆ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ನಿನ್ನ ಓದಿಸಿದ್ದು ಅವರು. ಅದನ್ನಾದ್ರೂ ನೆನಪಿಟ್ಕೋ."

ನೆನಪಿಟ್ಟುಕೊಂಡೆ. ಈ ಮನೆಯಲ್ಲಿ ನೆನಪಿಟ್ಟುಕೊಳ್ಳುವ ಕೆಲಸ ಯಾವಾಗಲೂ ನನ್ನದೇ.

ಗುರುವಾರ ನಾಲ್ಕು ಗಂಟೆ. ಭೂತಗನ್ನಡಿ ತನ್ನ ಕನ್ನಡಕವನ್ನು ಷರ್ಟಿನ ಅಂಚಿನಲ್ಲಿ ಒರೆಸಿಕೊಂಡು, ಹಾಳೆ ತಿರುವಿ ಇಟ್ಟ. ತಾಯಿಯ ಹೆಸರುಗಳು ಒಂದೊಂದಾಗಿ ಬಂದವು. ಮನೆತನದ ಎರಡು ಹೂಡಿಕೆ ಕಂಪನಿ. ಇಲ್ಲ. ಸೊಸೆಯ ಹೆಸರಿನ ಒಂದು ಕಂಪನಿ. ಇಲ್ಲ. ದೊಡ್ಡ ಫಂಡು. ಇದೆ, ಒಂದೂವರೆ. ಅವನು ಗುರುತು ಹಾಕಿದ.

"ಸಮೂಹ ನೌಕರರ ಹಿತ ಟ್ರಸ್ಟ್," ಎಂದ. "ತಾಯಿಯಲ್ಲಿ ಹನ್ನೆರಡು ಲಕ್ಷ ಷೇರಿದೆ. ಪ್ರವರ್ತಕರೂ ಅಲ್ಲ, ಸಾರ್ವಜನಿಕರೂ ಅಲ್ಲ ಅಂತ ಬೇರೆ ಸಾಲಲ್ಲಿ ಇಟ್ಟಿದಾರೆ. ತಾಯೀನೇ ಇದಕ್ಕೆ ಸಾಲ ಕೊಟ್ಟಿರೋದು, ವಾರ್ಷಿಕ ವರದಿಯ ಟಿಪ್ಪಣಿಲಿ ಇದೆ. ಪೂರಾ ಅವರ ಕೈಗೊಂಬೆ ಇದು. ಮಗಳಲ್ಲಿ ಇದ್ರೆ ದೊಡ್ಡ ಸುದ್ದಿ. ನಿಮ್ಮ ಪಟ್ಟಿಯಲ್ಲಿ ಇದೆಯಾ?"

ನನ್ನ ಹಾಳೆಯ ಮೇಲೆ ಮೂರನೆಯ ಸಾಲಿನಲ್ಲಿ ಬೇರೆ ಹೆಸರಿತ್ತು. ಹಾಳೆಯ ಮಟ್ಟಿಗೆ ನಾನು ಹೇಳುವುದು ಸುಳ್ಳೂ ಅಲ್ಲ.

"ಇಲ್ಲ," ಎಂದೆ.

ಅವನು ಒಂದು ಅಡ್ಡಗೆರೆ ಎಳೆದು ಮುಂದಿನ ಹೆಸರು ಓದಿದ. ಹತ್ತೊಂಬತ್ತು ವರ್ಷ ನಾನು ಇಲ್ಲ ಎಂದಾಗ ಅವನು ಎರಡನೇ ಸಲ ಕೇಳಿದವನಲ್ಲ. ನನ್ನ ಹಾಳೆಯ ಸರದಿ ಬಂದಾಗ ಕಾರ್ಮಿಕರ ಕ್ಷೇಮ ಟ್ರಸ್ಟ್ ಎಂದು ಓದಿದೆ. ತನ್ನ ಕಡೆ ಇಲ್ಲ ಎಂದ. "ಪಾಪ, ಕೆಲಸದೋರದು ಇರಬೇಕು. ಹಿಂದೆ ನೋಡಿದ್ರಾ?" ಎಂದು ಕೇಳಿದ. "ನೋಡಿದೆ, ಸ್ವಚ್ಛ ಇದೆ," ಎಂದೆ. ಮೊದಲನೆಯದಕ್ಕೆ ಹೆಸರಿನ ನೆಪವಾದರೂ ಇತ್ತು. ಇದಕ್ಕೆ ಏನೂ ಇರಲಿಲ್ಲ.

ನಮ್ಮ ವರದಿ ಹೊರಬಂತು. ಲೆಕ್ಕ ಕಡಿಮೆ, ವಿರುದ್ಧ ಮತ ಹಾಕಿ ಎಂದು ಯಜಮಾನರು ಖಾರವಾಗಿಯೇ ಬರೆದರು. ಹೊರಗಿನ ಷೇರುದಾರರಲ್ಲಿ ತಾಯಿಯ ಕಡೆಯವರು ಕಂಡುಬಂದಿಲ್ಲ ಎಂಬ ಒಂದು ಸಾಲೂ ಅದರಲ್ಲಿತ್ತು. ಆ ಸಾಲು ನನ್ನದು.

ಮತದಾನದ ಫಲ ಬಂದದ್ದು ಒಂದು ಮಧ್ಯಾಹ್ನ. ಬೇಡ ಎಂದವರು ಹದಿಮೂರು. ಬೇಕು ಎಂದವರು ಹದಿನೇಳು. ಹದಿನೇಳರಲ್ಲಿ ಏಳು ಟ್ರಸ್ಟಿನದು. ತೆಗೆದರೆ ಹತ್ತು. ಹದಿಮೂರಕ್ಕೆ ಹತ್ತು. ಇದಕ್ಕೆ ಭೂತಗನ್ನಡಿ ಬೇಕಿಲ್ಲ, ಕೈಬೆರಳು ಸಾಕು. ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಭಾವ ಸೋತರೂ ದೊಡ್ಡವರಾದರು. ಹಳೆಯ ಕೆಲಸಗಾರರು ಮನೆಗೆ ಬಂದು ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು. ನೀವಿಲ್ಲದಿದ್ದರೆ ಇಷ್ಟೂ ಆಗುತ್ತಿರಲಿಲ್ಲ ಎಂದರು. ಅಕ್ಕ ಎಲ್ಲರಿಗೂ ಚಹಾ ಮಾಡಿದಳು. ನನಗೂ ಒಂದು ಲೋಟ ಕೊಟ್ಟು, ಭುಜ ತಟ್ಟಿದಳು. ಆ ತಟ್ಟಿದ್ದು ಇನ್ನೂ ಉರಿಯುತ್ತದೆ.

ಎಂಟು ತಿಂಗಳಲ್ಲಿ ವಿಲೀನ ಜಾರಿಗೆ ಬಂತು. ಪಂಪ್ ಕಂಪನಿಯ ಷೇರುಗಳು ರದ್ದಾಗಿ, ಐದಕ್ಕೊಂದರಂತೆ ತಾಯಿಯ ಷೇರು ಬಂದವು. ಗೇಟಿನ ಮೇಲಿನ ಹೆಸರನ್ನು ಕ್ರೇನ್ ತಂದು ಇಳಿಸಿದರು. ಪರೀಕ್ಷಾ ವಿಭಾಗದ ನೀರಿನ ತೊಟ್ಟಿ ಒಣಗಿತು. ಮುಂದಿನ ತ್ರೈಮಾಸಿಕದಲ್ಲಿ ತಾಯಿಯ ಹೊಸ ಷೇರುದಾರರ ಪಟ್ಟಿ ಬಂತು. ಓದಿದವನು ಭೂತಗನ್ನಡಿ.

ಅದರಲ್ಲಿ ಸಮೂಹ ನೌಕರರ ಹಿತ ಟ್ರಸ್ಟಿನ ಷೇರು ಹನ್ನೆರಡು ಲಕ್ಷದಿಂದ ಹತ್ತೊಂಬತ್ತು ಲಕ್ಷಕ್ಕೆ ಏರಿತ್ತು. ಪೇಟೆಯಲ್ಲಿ ಕೊಂಡ ದಾಖಲೆ ಇಲ್ಲ. ಹಾಗಾದರೆ ಏಳು ಲಕ್ಷ ಎಲ್ಲಿಂದ ಬಂತು? ಅವನು ಏಳು ಲಕ್ಷವನ್ನು ಐದರಿಂದ ಗುಣಿಸಿದ. ಮೂವತ್ತೈದು ಲಕ್ಷ. ಕಪಾಟಿನಿಂದ ಹಳೆಯ ಫೈಲು ತೆಗೆದು, ನನ್ನ ಕೈಬರಹದ ಹಾಳೆಯ ಮೂರನೆಯ ಸಾಲು ನೋಡಿದ. ಆಮೇಲೆ ತಾನೇ ನೋಂದಣಿ ಕಚೇರಿಗೆ ಹೋದ. ಪ್ರತಿ ಪಡೆದವರ ಪುಸ್ತಕದಲ್ಲಿ ಅವನ ಹೆಸರಿಗೆ ಮೊದಲು ನನ್ನ ಹೆಸರು, ತಾರೀಕಿನ ಸಮೇತ ಇತ್ತು.

ಮರುದಿನ ಎರಡೂ ಹಾಳೆ ನನ್ನ ಮೇಜಿನ ಮೇಲೆ ಇಟ್ಟ. ಧ್ವನಿ ಏರಿಸಲಿಲ್ಲ.

"ಮಂಗಳವಾರ ಓದಿದ್ರಿ. ಗುರುವಾರ ನಾನು ಕೇಳಿದ್ದೆ."

"ಕೇಳಿದ್ರಿ."

"ಎಷ್ಟು ಕೊಟ್ರು?"

ಇದು ನನಗೆ ಚುಚ್ಚಿತು. "ಯಾರೂ ಏನೂ ಕೊಟ್ಟಿಲ್ಲ. ಮೂರನೇ ಸಹಿ ನಮ್ಮ ಭಾವಂದು."

ಅವನು ಎರಡೂ ಹಾಳೆ ಮಡಿಸಿಕೊಂಡ. "ದುಡ್ಡಿಗಾದ್ರೆ ಅರ್ಥ ಆಗ್ತಿತ್ತು," ಎಂದು ತನ್ನ ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡ. ಅಂದಿನಿಂದ ಅದು ಹಾಗೇ ಇದೆ.

ಯಜಮಾನರು ತಿದ್ದುಪಡಿ ಪ್ರಕಟಿಸಿದರು. ಷೇರುಪೇಟೆಗೆ ದೂರೂ ಹೋಯಿತು. ಪರಿಶೀಲಿಸುತ್ತಿದ್ದೇವೆ ಎಂಬ ಒಂದು ಸಾಲಿನ ಉತ್ತರ ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ನನ್ನನ್ನು ಯಜಮಾನರು ತೆಗೆಯಲಿಲ್ಲ. ವಾರ್ಷಿಕ ವರದಿಗಳನ್ನು ತಾರೀಕಿನ ಪ್ರಕಾರ ಜೋಡಿಸುವ ಕೆಲಸ ಕೊಟ್ಟರು. ತಿದ್ದುಪಡಿಯಲ್ಲಿ ಮೂವರು ಟ್ರಸ್ಟಿಗಳ ಹೆಸರೂ ಅಚ್ಚಾಗಿತ್ತು.

ಆ ಭಾನುವಾರ ಬೆಳಿಗ್ಗೆ ನಿವೃತ್ತರ ಸಂಘದ ಹಾಲಿನಲ್ಲಿ ಸಭೆ. ಅಕ್ಕ ಫೋನ್ ಮಾಡಿ, "ಬಾರೆ, ಅವರ ಪಕ್ಕ ನಮ್ಮೋರು ಯಾರಾದ್ರೂ ಇರ್ಲಿ," ಎಂದಳು. ಹೋದೆ. ಕಬ್ಬಿಣದ ಕುರ್ಚಿಗಳು, ಮೂಲೆಯಲ್ಲಿ ಕೆಟ್ಟ ಮೈಕು, ಇನ್ನೂರು ಜನ. ಮುಂದಿನ ಸಾಲಿನಲ್ಲಿ ಲೇತ್ ಅಜ್ಜ, ಭಾವನಿಗೆ ಕೆಲಸ ಕಲಿಸಿದವರು, ತಿದ್ದುಪಡಿಯ ಹಾಳೆ ಹಿಡಿದಿದ್ದರು.

"ಇದು ನಿನ್ನ ಹೆಸರೇನೋ?" ಎಂದರು.

ಭಾವ ಎದ್ದು ನಿಂತರು. ಆಗಿನ ಅವರ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು. ಸಹಿ ತನ್ನದೇ, ಓದದೆ ಹಾಕಿದ್ದು ಎಂದರು. ಹಿಂದಿನಿಂದ ಯಾರೋ ನಕ್ಕರು. ಇನ್ಯಾರೋ ಕಳ್ಳ ಎಂದರು. ನೆಲದಲ್ಲಿ ನಿನಗೆ ಎಷ್ಟು ಸೈಟು ಎಂದು ಮತ್ತೊಬ್ಬರು ಕೇಳಿದರು. ಭಾವ ಸುತ್ತ ನೋಡಿದರು. ನೋಡುತ್ತಾ ನೋಡುತ್ತಾ ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು.

"ನಾನು ಓದದೋನು, ಒಪ್ಕೋತೀನಿ," ಎಂದರು. "ಓದಿದೋರು ಇಲ್ಲೇ ಕೂತಿದಾರೆ, ಕೇಳಿ. ನನ್ನ ನಾದಿನಿ. ಇದನ್ನ ಓದೋದೇ ಅವಳ ಕೆಲಸ. ಮತದಾನಕ್ಕೆ ಮೊದಲೇ ಅವಳಿಗೆ ಎಲ್ಲ ಗೊತ್ತಿತ್ತು. ಬರೀಲಿಲ್ಲ. ಅವಳು ಒಂದು ಸಾಲು ಬರೆದಿದ್ರೆ ಇವತ್ತು ಗೇಟಿನ ಮೇಲೆ ನಮ್ಮ ಹೆಸರಿರ್ತಿತ್ತು."

ಇನ್ನೂರು ತಲೆಗಳು ತಿರುಗಿದವು. ಲೇತ್ ಅಜ್ಜ ಕುರ್ಚಿಯ ಬೆನ್ನು ಹಿಡಿದು ನನ್ನ ಕಡೆ ಹೊರಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ತಡೆಯಲಾಗಲಿಲ್ಲ.

"ಹೌದೇನಮ್ಮ? ನಿಂಗೆ ಗೊತ್ತಿತ್ತಾ?"

ಬಾಯಿ ತೆರೆದೆ. ಮೇಜು, ರಬ್ಬರ್ ಬ್ಯಾಂಡ್, ಕೇಳ್ಕೋತೀನಿ ಎಂದ ದನಿ, ಎಲ್ಲ ನಾಲಿಗೆಯ ತುದಿಗೆ ಬಂತು. ಭಾವನ ಪಕ್ಕದಲ್ಲಿ ಕೂತ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳು ತಲೆಯನ್ನು ಒಂದೇ ಒಂದು ಸಲ, ಬಹಳ ಸಣ್ಣಗೆ, ಅಡ್ಡ ಆಡಿಸಿದಳು.

"ಗೊತ್ತಿತ್ತು," ಎಂದೆ.

"ಮತ್ಯಾಕಮ್ಮ?"

ಎದ್ದು ಹೊರಗೆ ಬಂದೆ. ದಾರಿ ಬಿಡಲು ಜನ ಮಂಡಿ ಮಡಿಸಿಕೊಂಡರು, ಯಾರೂ ಮುಟ್ಟಲಿಲ್ಲ. ನನ್ನ ಬೆನ್ನ ಹಿಂದೆ ಸಭೆಯ ಗದ್ದಲ ಇಳಿದು, ಯಾರೋ ಭಾವನಿಗೆ ಕೂತ್ಕೊಳ್ಳಿ ಫೋರ್‌ಮನ್, ಕೂತ್ಕೊಳ್ಳಿ ಎನ್ನುವುದು ಕೇಳಿಸಿತು.

ಬಸ್ ನಿಲ್ದಾಣಕ್ಕೆ ಅಕ್ಕ ಹಿಂದೆಯೇ ಓಡುತ್ತ ಬಂದಳು. ಏದುಸಿರು ಬಿಡುತ್ತಾ ನನ್ನ ಪಕ್ಕ ಕಲ್ಲುಬೆಂಚಿನ ಮೇಲೆ ಕೂತಳು. ಕ್ಷಮೆ ಕೇಳುತ್ತಾಳೆಂದು ಕಾದೆ. ಕಾದದ್ದು ನನ್ನ ತಪ್ಪು.

"ಅವರು ಸುಳ್ಳೇನೂ ಹೇಳಲಿಲ್ಲವಲ್ಲ ಪುಟ್ಟಿ," ಎಂದಳು.

"ಇಲ್ಲ."

"ಇನ್ನು ಸ್ವಲ್ಪ ದಿನ ಮನೆ ಕಡೆ ಬರಬೇಡ ಕಣೆ."

"ಯಾಕೆ? ನಾನೇನಾದ್ರೂ ಅಂತೀನಿ ಅಂತಾನಾ?"

"ಛೆ, ನೀನ್ಯಾಕಂತೀಯ. ನೀನು ಅನ್ನಲ್ಲ ಅಂತ ಅವರಿಗೂ ಗೊತ್ತು. ಅದಕ್ಕೇ ಅವರಿಗೆ ನಿನ್ನ ಮುಖ ನೋಡೋಕಾಗಲ್ಲ." ಅವಳು ಎದ್ದು ಸೆರಗು ಸರಿಮಾಡಿಕೊಂಡು, ಸಭೆಯ ಹಾಲಿನ ಕಡೆ ಬೇಗ ಬೇಗ ನಡೆದಳು.